ಮೊಬೈಲ್ ವಿಡಿಯೋದಿಂದ ರೀಲು: ಸಂಕಲನಕ್ಕೆ ಒಪ್ಪಿಸುವ ಕ್ರಮ

ಹೊಲದಲ್ಲಿ ಮೊಬೈಲಿನಿಂದ ತೆಗೆದ ವಿಡಿಯೋ ತುಣುಕುಗಳನ್ನು ಬೇರೆಯವರಿಗೆ ಕೊಟ್ಟು, ಸಿದ್ಧವಾದ ರೀಲನ್ನು ಮರಳಿ ಪಡೆಯಬಹುದೇ ಎಂಬುದು ಹೊಸಬರು ಕೇಳುವ ಪ್ರಶ್ನೆ. ಪಡೆಯಬಹುದು. ಆದರೆ ಸಂಕಲನಕಾರನು ಇದ್ದ ತುಣುಕುಗಳನ್ನು ಕತ್ತರಿಸಿ ಜೋಡಿಸಬಲ್ಲನೇ ಹೊರತು, ತೆಗೆಯದೆ ಬಿಟ್ಟ ದೃಶ್ಯವನ್ನು ತುಂಬಲಾರನು. ಬೇಸಾಯದ ಕ್ರಮವೂ ಅವನಿಗೆ ತಿಳಿದಿರಲಾರದು. ಆದ್ದರಿಂದ ತುಣುಕುಗಳ ಜೊತೆಗೆ ಒಂದು ಸೂಚನಾ ಚೀಟಿಯನ್ನೂ ಕೊಡತಕ್ಕದ್ದು.

ಉದಾಹರಣೆಗೆ, ತೊಗರಿ ಬೀಜಕ್ಕೆ ರೈಜೋಬಿಯಂ ಲೇಪಿಸುವ ವಿಧಾನವನ್ನು ರೈತನೊಬ್ಬನು 12 ತುಣುಕುಗಳಲ್ಲಿ, ಒಟ್ಟು 9 ನಿಮಿಷ ಚಿತ್ರಿಸಿದ್ದಾನೆಂದು ಭಾವಿಸಬಹುದು. ರೀಲು 60 ಸೆಕೆಂಡಿನದು. ಉಪಚರಿಸಿದ ಬೀಜವನ್ನು ನೆರಳಿನಲ್ಲಿ ಹರಡಿದ ದೃಶ್ಯದಲ್ಲಿ ಯಾವ ಚಲನೆಯೂ ಇಲ್ಲ. ಸಪ್ಪೆಯೆಂದು ಸಂಕಲನಕಾರನು ಮೊದಲು ಕತ್ತರಿಸುವುದು ಅದನ್ನೇ. ಆಗ ನೋಡಿದವರು ಬೀಜವನ್ನು ಬಿಸಿಲಿಗೆ ಹಾಕಿದರೆ ಶಾಖಕ್ಕೆ ಅಣುಜೀವಿಗಳು ಸಾಯುತ್ತವೆ; ಉಪಚಾರ ವ್ಯರ್ಥವಾಗುತ್ತದೆ.

ಇದನ್ನು ತಪ್ಪಿಸಲು ಚೀಟಿಯಲ್ಲಿ ಹೀಗೆ ಬರೆಯಬೇಕು:

1. ಬೀಜಕ್ಕೆ ಬೆಲ್ಲದ ಅಂಟು ಸವರುವುದು – 15 ಸೆಕೆಂಡು.
2. ರೈಜೋಬಿಯಂ ಬೆರೆಸುವುದು – 20 ಸೆಕೆಂಡು. ತೆರೆಯ ಮೇಲೆ ‘10 ಕಿಲೋ ಬೀಜಕ್ಕೆ 200 ಗ್ರಾಂ’ ಎಂಬ ಬರಹ.
3. ನೆರಳಿನಲ್ಲಿ ಒಣಗಿಸುವುದು – 10 ಸೆಕೆಂಡು. ಕತ್ತರಿಸಕೂಡದು.
4. ಬಿತ್ತನೆ – 15 ಸೆಕೆಂಡು.

ಪ್ರತಿ ಹಂತದ ಮುಂದೆ ತುಣುಕಿನ ಸಂಖ್ಯೆಯನ್ನೂ ನಮೂದಿಸಬೇಕು.

ಚಿತ್ರಿಸುವಾಗ ಮೊಬೈಲನ್ನು ನೆಟ್ಟಗೆ ಹಿಡಿಯಬೇಕು. ಅಡ್ಡಲಾಗಿ ತೆಗೆದ ಚಿತ್ರವನ್ನು ರೀಲಿನ ಉದ್ದನೆಯ ಚೌಕಟ್ಟು ತುಂಬುವಂತೆ ಕತ್ತರಿಸಿದರೆ, ಅದರ ಅಗಲದ ಮೂರನೆಯ ಒಂದು ಭಾಗವೂ ಉಳಿಯುವುದಿಲ್ಲ. ಬೀಜ ಕಲಸುವ ಕೈ ಕಂಡರೆ ಪಾತ್ರೆ ಕಾಣದು.

ತುಣುಕುಗಳನ್ನು ವಾಟ್ಸಾಪಿನಲ್ಲಿ ಸಾಮಾನ್ಯ ವಿಡಿಯೋ ಆಗಿ ಕಳುಹಿಸಿದರೆ ಗಾತ್ರ ಕುಗ್ಗಿ ಚಿತ್ರ ಮಸುಕಾಗುತ್ತದೆ. ಸಂಕಲನಕಾರನು ಅದನ್ನು ಮತ್ತೆ ಸ್ಪಷ್ಟಗೊಳಿಸಲಾರನು. ಅದೇ ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲ ಕಡತವೇ ತಲುಪುತ್ತದೆ. ಹತ್ತಿರದವರಾದರೆ ಕೇಬಲ್ ಮೂಲಕ ಕಂಪ್ಯೂಟರಿಗೆ ನಕಲಿಸಿಕೊಡುವುದು ಲೇಸು. ಎರಡೂ ಕಡೆ ಕಡತದ ಎಂ.ಬಿ. ಗಾತ್ರ ಒಂದೇ ಇದ್ದರೆ ಚಿತ್ರ ಕುಗ್ಗಿಲ್ಲವೆಂದು ತಿಳಿಯಬಹುದು. ರೀಲು ಕೈಸೇರುವವರೆಗೆ ಮೊಬೈಲಿನಲ್ಲಿರುವ ಮೂಲವನ್ನು ಅಳಿಸಬಾರದು.

ಕೂಲಿ ಎಷ್ಟು, ಆ ಕೂಲಿಯಲ್ಲಿ ಎಷ್ಟು ಸಲ ತಿದ್ದಿಕೊಡುವುದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಮೊದಲ ಕರಡು ಬಂದೊಡನೆ ಅದನ್ನು ಚೀಟಿಯೊಡನೆ ಹೋಲಿಸಿ, ‘ಗ್ರಾಂ’ ಇರಬೇಕಾದಲ್ಲಿ ‘ಕಿಲೋ’ ಬಂದಿದೆಯೇ ಎಂದು ನೋಡಬೇಕು. ಅನಂತರ ಈ ಉಪಚಾರ ಮಾಡಿ ಗೊತ್ತಿಲ್ಲದ ನೆರೆಯವರೊಬ್ಬರಿಗೆ ತೋರಿಸಿ, ಬೀಜವನ್ನು ಎಲ್ಲಿ ಒಣಗಿಸಬೇಕೆಂದು ಕೇಳಬೇಕು. ‘ನೆರಳಿನಲ್ಲಿ’ ಎಂಬ ಉತ್ತರ ಬಂದ ಮೇಲೆಯೇ ರೀಲಿಗೆ ಒಪ್ಪಿಗೆ ಕೊಡುವುದು ಸೂಕ್ತ.