ಪುಲ್-ಡೌನ್ ನಲ್ಲಿಯೋ ಫಿಕ್ಸೆಡ್ ನಲ್ಲಿಯೋ: ಗ್ರಾನೈಟ್‌ಗೆ ತೂತು ಹಾಕುವ ಮುಂಚಿನ ಲೆಕ್ಕ

ನಮ್ಮ ಕ್ಲಾಸ್‌ಮೇಟ್ ಒಬ್ಬಳ ಮನೆ ತುಮಕೂರಲ್ಲಿ. ಮೊದಲನೇ ಮಹಡಿಯ ಅಡುಗೆಮನೆ ರಿಪೇರಿ ಆಗ್ತಾ ಇತ್ತು. ಎರಡು ಬೌಲಿನ ಆಳವಾದ ಸಿಂಕ್ ಕೂರಿಸಿ ತಿಂಗಳಾಗಿತ್ತು, ಆದರೆ ನಲ್ಲಿ ಮಾತ್ರ ಗೋಡೆಯಲ್ಲಿದ್ದ ಹಳೇದೇ. ನೀರು ಸಿಂಕಿನ ಹಿಂಗೋಡೆಗೆ ಒತ್ತಿಕೊಂಡು ಬೀಳ್ತಿತ್ತು, ಪಾತ್ರೆ ತೊಳೆಯುವಾಗ ಕೈಗೆಣ್ಣು ಸ್ಟೀಲಿಗೆ ತಾಗ್ತಿತ್ತು. ಹಾಗಾಗಿ ಕಟ್ಟೆಯ ಗ್ರಾನೈಟ್‌ಗೇ 35 ಮಿ.ಮೀ. ತೂತು ಕೊರೆದು ಹೊಸ ನಲ್ಲಿ ಹಾಕೋದು ಅಂತ ತೀರ್ಮಾನ ಆಗಿತ್ತು. ಭಾನುವಾರ ಪ್ಲಂಬರ್ ಬರ್ತಾರೆ. ಪುಲ್-ಡೌನ್ ಹಾಕಿಸೋದಾ, ಫಿಕ್ಸೆಡ್ ಹಾಕಿಸೋದಾ? ಆಂಟಿ ನಮ್ಮನ್ನ ಕೇಳಿದ್ರು, "ಎಂಜಿನಿಯರಿಂಗ್ ಓದ್ತೀರಲ್ಲ, ಇದನ್ನ ಹೇಳಿ ನೋಡೋಣ" ಅಂತ. ಗ್ರಾನೈಟ್‌ಗೆ ಒಂದ್ಸಲ ತೂತು ಬಿದ್ದ ಮೇಲೆ ಅದನ್ನ ಜರುಗಿಸೋಕೆ ಆಗಲ್ಲ. ಆದ್ದರಿಂದ ಶನಿವಾರ ಮೂರು ಜನ ಟೇಪು ಹಿಡ್ಕೊಂಡು ಹೋದ್ವಿ.

ಮೊದಲು ಎರಡು ಹೆಸರು ಸ್ಪಷ್ಟ ಮಾಡ್ಕೊಳ್ಳೋಣ. ನಲ್ಲಿಯ ಬಾಗಿದ ಕೊಳವೆಗೆ ಸ್ಪೌಟ್ ಅಂತಾರೆ. ಫಿಕ್ಸೆಡ್ ನಲ್ಲಿಯಲ್ಲಿ ಸ್ಪೌಟ್ ಎಡಕ್ಕೆ ಬಲಕ್ಕೆ ತಿರುಗಬಹುದು, ಆದರೆ ತುದಿ ಕೆಳಗೆ ಬರಲ್ಲ. ಪುಲ್-ಡೌನ್‌ನಲ್ಲಿ ಸ್ಪೌಟಿನ ತುದಿಯೇ ಕಳಚಿ ಕೈಗೆ ಬರುತ್ತೆ, ಹಿಂದೆ ಒಂದು ಹೋಸ್ ಪೈಪು ಎಳ್ಕೊಂಡು ಬರುತ್ತೆ. ಬಿಟ್ಟರೆ, ಕಟ್ಟೆಯ ಕೆಳಗೆ ಆ ಹೋಸ್‌ಗೆ ಕಟ್ಟಿರೋ ಭಾರ ಅದನ್ನ ಮತ್ತೆ ಒಳಗೆ ಎಳೆಯುತ್ತೆ.

ಇನ್ನು ಅಳತೆ. ಸಿಂಕ್ 37 × 18 ಇಂಚಿನದು. ಒಂದೊಂದು ಬೌಲ್ 400 ಮಿ.ಮೀ. ಅಗಲ, ಹಿಂದಿನಿಂದ ಮುಂದಕ್ಕೂ 400, ಆಳ 225. ಎರಡರ ನಡುವಿನ ಗೋಡೆ 40 ಮಿ.ಮೀ. ಹೊಸ ತೂತಿನ ಜಾಗ ನಡುಗೋಡೆಯ ನೇರಕ್ಕೆ, ಸಿಂಕಿನ ಹಿಂದೆ. ಬೌಲಿನ ಹಿಂಗೋಡೆಯಿಂದ ತೂತಿನ ಮಧ್ಯಕ್ಕೆ 70 ಮಿ.ಮೀ. ಬಂತು. ಅಲ್ಲಿಂದ ಹಿಂದಿನ ಟೈಲ್ಸ್ ಗೋಡೆಗೆ ಬರೀ 43. ಅಂದ್ರೆ ಹಿಡಿಕೆ ಪಕ್ಕದಲ್ಲಿರೋ ನಲ್ಲಿಯೇ ಬೇಕು, ಹಿಂದಕ್ಕೆ ತಳ್ಳುವ ಹಿಡಿಕೆ ಆದ್ರೆ ಗೋಡೆಗೆ ತಾಗುತ್ತೆ.

ನಾವು ಮಾಡಿದ ಮೊದಲ ತಪ್ಪು ಇಲ್ಲೇ. ನೀರು ಬೌಲಿನ ನಟ್ಟನಡುವೆ ಬೀಳಬೇಕು ಅಂತ ನಾವೇ ಅಂದ್ಕೊಂಡ್ವಿ. ತೂತಿನಿಂದ ಬೌಲಿನ ಮಧ್ಯಕ್ಕೆ ಪಕ್ಕಕ್ಕೆ 220, ಮುಂದಕ್ಕೆ 270. ಪೈಥಾಗೊರಸ್ ಹಾಕಿದ್ರೆ 348 ಮಿ.ಮೀ. ಅಂಗಡಿಯಲ್ಲಿ ನೋಡಿದ ಸ್ಪೌಟ್‌ಗಳ ಚಾಚು ಎಲ್ಲ 200ರಿಂದ 230ರ ಒಳಗೆ. "ಹಾಗಾದ್ರೆ ಫಿಕ್ಸೆಡ್ ಸಾಧ್ಯವೇ ಇಲ್ಲ, ಪುಲ್-ಡೌನ್ ತಗೊಳ್ಳಿ ಆಂಟಿ" ಅಂತ ಹೇಳಿಯೂ ಬಿಟ್ವಿ.

ಆಂಟಿ ಒಂದು ಅನ್ನದ ಪಾತ್ರೆ ತಂದು ಬೌಲಿನ ಹಿಂದಿನ ಮೂಲೆಗೆ ಇಟ್ಟರು. "ನಾನು ಪಾತ್ರೆನ ನೀರಿನ ಕೆಳಗೆ ತರ್ತೀನಿ ಕಣ್ರಪ್ಪ, ನೀರು ಪಾತ್ರೆನ ಹುಡ್ಕೊಂಡು ಯಾಕೆ ಬರಬೇಕು?" ಅಂದ್ರು. ಸರಿಯಾದ ಪ್ರಶ್ನೆ. ನಿಜವಾಗಿ ಬೇಕಾಗಿರೋದು ಮಧ್ಯ ಅಲ್ಲ. ನೀರಿನ ಧಾರೆ ಹಿಂಗೋಡೆಯಿಂದಲೂ ನಡುಗೋಡೆಯಿಂದಲೂ ಕೈ ಆಡುವಷ್ಟು ದೂರ ಇರಬೇಕು, ಅಷ್ಟೇ.

230 ಚಾಚಿನ ಸ್ಪೌಟ್ ತಿರುಗಿದಾಗ ಅದರ ತುದಿ 230 ತ್ರಿಜ್ಯದ ವೃತ್ತದ ಮೇಲೆ ಓಡಾಡುತ್ತೆ. ನೇರ ಮುಂದಕ್ಕೆ ಇಟ್ಟರೆ ನೀರು ನಡುಗೋಡೆಯ ತಲೆ ಮೇಲೇ ಬಿದ್ದು ಎರಡೂ ಕಡೆ ಚಿಮ್ಮುತ್ತೆ. ತುಂಬಾ ತಿರುಗಿಸಿದರೆ ಹಿಂಗೋಡೆಗೆ ಹತ್ತಿರ ಆಗುತ್ತೆ. ಇವೆರಡರ ನಡುವೆ, ಎರಡೂ ಗೋಡೆಗೆ ಸಮದೂರ ಇರೋ ಒಂದು ಬಿಂದು ಇದೆ. ಧಾರೆ ಪಕ್ಕಕ್ಕೆ x, ಮುಂದಕ್ಕೆ y ಬಿದ್ದರೆ, ನಡುಗೋಡೆಯಿಂದ ದೂರ x − 20, ಹಿಂಗೋಡೆಯಿಂದ y − 70. ಇವೆರಡೂ ಸಮ, ಜೊತೆಗೆ x² + y² = 230². ಬಿಡಿಸಿದ್ರೆ x ಸುಮಾರು 136, y ಸುಮಾರು 186. ಎರಡೂ ಗೋಡೆಗಳಿಂದ 116 ಮಿ.ಮೀ. ಸ್ಪೌಟನ್ನ ನೇರದಿಂದ 36 ಡಿಗ್ರಿ ತಿರುಗಿಸಿದ್ರೆ ಸಾಕು.

ಆಂಟಿಯ ಅನ್ನದ ಪಾತ್ರೆಯ ಅಡ್ಡಳತೆ 300. ಅದನ್ನ ಮೂಲೆಗೆ ಒತ್ತಿ ಇಟ್ಟರೂ ಅದರ ಮಧ್ಯ ಗೋಡೆಗಳಿಂದ 150ರಲ್ಲಿ ಇರುತ್ತೆ. ಧಾರೆ 116ರಲ್ಲಿ. ಅಂದ್ರೆ ಮಧ್ಯದಿಂದ ಐದು ಸೆಂಟಿಮೀಟರ್ ಕೂಡ ಆಚೆ ಇಲ್ಲ, ಪಾತ್ರೆಯ ಒಳಗೇ ಬೀಳುತ್ತೆ. 348 ಬೇಕು ಅನ್ನೋ ನಮ್ಮ ಲೆಕ್ಕ ಅಲ್ಲಿಗೆ ಮುಗೀತು.

ಅದೇ ಸೂತ್ರದಲ್ಲಿ ಹಳೇ ನಲ್ಲಿಯನ್ನೂ ನೋಡಿದ್ವಿ. ಗೋಡೆಯ ಸಿಂಕ್ ಕಾಕ್‌ಗೆ ಚಾಚನ್ನ ಗೋಡೆಯಿಂದ ಅಳೀತಾರೆ. ಈ ಮನೆಯಲ್ಲಿ ಗೋಡೆಯಿಂದ ಬೌಲಿಗೇ 113 ಮಿ.ಮೀ. ಹೋಗುತ್ತೆ. ಹಳೇ ನಲ್ಲಿಯ ಚಾಚು 150, ಹಾಗಾಗಿ ಎಷ್ಟೇ ತಿರುಗಿಸಿದ್ರೂ ಧಾರೆಗೆ ಎರಡೂ ಗೋಡೆಯಿಂದ ಒಟ್ಟಿಗೆ ಸಿಗೋ ಅಂತರ 29 ಮಿ.ಮೀ. ಮಾತ್ರ. ಕೈಗೆಣ್ಣು ತಾಗ್ತಿದ್ದದ್ದು ಇದಕ್ಕೇ. ಬಾಕ್ಸ್ ಮೇಲೆ 150 ಅಂತ ಇದ್ದರೆ ಅದು ಗೋಡೆಯಿಂದಲೋ ತೂತಿನ ಮಧ್ಯದಿಂದಲೋ ಅಂತ ನೋಡದೆ ತಗೊಂಡ್ರೆ ಇದೇ ಗತಿ.

ಎತ್ತರದ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಹಂಸದ ಕತ್ತಿನ ಹಾಗೆ ಎತ್ತರ ಇರೋ ಸ್ಪೌಟ್ ತೋರಿಸಿ "ದೊಡ್ಡ ಪಾತ್ರೆಗೆ ಇದೇ ಬೇಕು" ಅಂತಾರೆ. ಆದರೆ ಸಿಂಕ್ ಆಳವಾಗಿದ್ರೆ ಅರ್ಧ ಎತ್ತರ ಆಗಲೇ ಪುಕ್ಕಟೆ ಸಿಕ್ಕಿರುತ್ತೆ. ಪಾತ್ರೆ ನಿಲ್ಲೋದು ಕಟ್ಟೆಯ ಮೇಲಲ್ಲ, 225 ಕೆಳಗೆ. ಆಂಟಿಯ ಕುಕ್ಕರ್ ಸುಮಾರು 200 ಎತ್ತರ, ಇಡೀ ಕುಕ್ಕರ್ ಬೌಲಿನೊಳಗೇ ಮುಳುಗುತ್ತೆ. ಅನ್ನದ ಪಾತ್ರೆ 300 ಎತ್ತರ, 300 ಅಗಲ. ತೊಳೆಯುವಾಗ ಅದನ್ನ ಹೊರಳಿಸಬೇಕು, ಆಗ ಮೂಲೆಯಿಂದ ಮೂಲೆಗೆ 424 ಆಗುತ್ತೆ. 225 ಕಳೆದರೆ 199. ಸ್ಪೌಟಿನ ತುದಿ ಕಟ್ಟೆಯಿಂದ 200 ಮಿ.ಮೀ. ಮೇಲಿದ್ದರೆ ಈ ಮನೆಯ ಅತಿ ದೊಡ್ಡ ಪಾತ್ರೆಯೂ ತಿರುಗುತ್ತೆ. ಅದಕ್ಕಿಂತ ಎತ್ತರ ತಗೊಂಡ್ರೆ ಮೇಲಿನ ತಟ್ಟೆ ಸ್ಟ್ಯಾಂಡ್‌ಗೆ ಬಾಗಿದ ಭಾಗ ತಾಗೋದಷ್ಟೇ ಲಾಭ! ಗಮನಿಸಿ, ನೋಡಬೇಕಾದ್ದು ನೀರು ಹೊರಬರುವ ತುದಿಯ ಎತ್ತರ. ಬಾಕ್ಸ್ ಮೇಲೆ ದೊಡ್ಡದಾಗಿ ಬರೆದಿರೋದು ಸಾಮಾನ್ಯವಾಗಿ ಒಟ್ಟು ಎತ್ತರ.

ಆಳದ ಸಿಂಕ್‌ಗೆ ಇನ್ನೊಂದು ಮುಖ ಇದೆ, ಚಿಮ್ಮುವಿಕೆ. 200 ಮೇಲೆ, 225 ಕೆಳಗೆ, ಒಟ್ಟು 425 ಮಿ.ಮೀ. ಬಿದ್ದ ನೀರಿನ ವೇಗ v = √(2gh) ಪ್ರಕಾರ ಸೆಕೆಂಡಿಗೆ 2.9 ಮೀಟರ್. ತುದಿಯನ್ನ 120ಕ್ಕೆ ಇಳಿಸಿದ್ರೂ 2.6. ಹತ್ತು ಪರ್ಸೆಂಟ್ ವ್ಯತ್ಯಾಸ ಅಷ್ಟೇ. ಅಂದ್ರೆ ಗಿಡ್ಡ ನಲ್ಲಿ ಹಾಕಿ ಚಿಮ್ಮೋದನ್ನ ತಡೆಯೋಕೆ ಆಗಲ್ಲ. ಇಲ್ಲಿ ಪುಲ್-ಡೌನ್ ನಿಜವಾಗಲೂ ಗೆಲ್ಲುತ್ತೆ. ತುದಿಯನ್ನ ತಟ್ಟೆಯಿಂದ 100 ಮಿ.ಮೀ. ಹತ್ತಿರ ಹಿಡಿದರೆ ಬೀಳುವಿಕೆಯಿಂದ ಸೇರುವ ವೇಗ 1.4 ಮಾತ್ರ. ಬೌಲಿನ ದೂರದ ಮೂಲೆ ತೂತಿನಿಂದ 630 ಮಿ.ಮೀ. ದೂರ ಇದೆ. ಫಿಕ್ಸೆಡ್ ನಲ್ಲಿಯ ಧಾರೆ ಅಲ್ಲಿಗೆ ಹೋಗೋದೇ ಇಲ್ಲ, ಹೋಸ್ ಹೋಗುತ್ತೆ.

ಹಾಗಾದ್ರೆ ಪುಲ್-ಡೌನೇ ಅಲ್ವಾ? ನಾವೂ ಹಾಗೇ ಹೇಳೋರಿದ್ವಿ. ಆಮೇಲೆ ಟೆರೇಸ್ ಹತ್ತಿದ್ವಿ.

ಈ ಮನೆಗೆ ಪ್ರೆಶರ್ ಪಂಪ್ ಇಲ್ಲ. ಓವರ್‌ಹೆಡ್ ಟ್ಯಾಂಕಿನ ನೀರು ತನ್ನ ಭಾರದಲ್ಲೇ ಇಳಿಯುತ್ತೆ. ಟ್ಯಾಂಕಿನ ನೀರಿನ ಮಟ್ಟದಿಂದ ಅಡುಗೆಮನೆ ನಲ್ಲಿಯ ತುದಿಗೆ 4 ಮೀಟರ್ ಬಂತು. ಹತ್ತು ಮೀಟರ್ ನೀರಿಗೆ ಸುಮಾರು 1 ಬಾರ್, ಹಾಗಾಗಿ ಇಲ್ಲಿ 0.4 ಬಾರ್. ಪೈಪಿನ ಘರ್ಷಣೆ ಕಳೆಯೋ ಮುಂಚೆ! ಪುಲ್-ಡೌನ್ ನಲ್ಲಿಗಳು ಸಾಮಾನ್ಯವಾಗಿ ಕಡಿಮೆ ಅಂದ್ರೂ ಅರ್ಧದಿಂದ 1 ಬಾರ್ ಬಯಸ್ತವೆ. ನೀರು ಸಣ್ಣ ಹೋಸ್, ಅದರೊಳಗಿನ ನಾನ್-ರಿಟರ್ನ್ ವಾಲ್ವ್, ಆಮೇಲೆ ಸ್ಪ್ರೇಯ ಸಣ್ಣ ತೂತುಗಳು, ಎಲ್ಲ ದಾಟಿ ಬರಬೇಕಲ್ಲ.

ನಾವು ನೋಡಿದ ಮಾಡೆಲ್‌ನ ಹಾಳೆಯಲ್ಲಿ 3 ಬಾರ್‌ಗೆ ನಿಮಿಷಕ್ಕೆ 8 ಲೀಟರ್ ಅಂತ ಇತ್ತು. ಹರಿವು ಒತ್ತಡದ ವರ್ಗಮೂಲದ ಹಾಗೆ ಬದಲಾಗುತ್ತೆ. √(0.4/3) ಅಂದ್ರೆ 0.365. ಎಂಟರಿಂದ ಗುಣಿಸಿದ್ರೆ ನಿಮಿಷಕ್ಕೆ 2.9 ಲೀಟರ್. ಲೆಕ್ಕ ನಂಬದೆ ಇರೋರು ನಮ್ಮಲ್ಲೂ ಒಬ್ಬರಿದ್ರು. ಪ್ಲಂಬರ್ ಅಣ್ಣನಿಗೆ ಫೋನ್ ಮಾಡಿದ್ವಿ. ಅವರು ಸಂಜೆಯೇ ಬಂದು ಅಂಗಡಿಯ ಡೆಮೋ ಪೀಸನ್ನ ಸಿಂಕಿನ ಕೆಳಗಿನ ಆಂಗಲ್ ಕಾಕ್‌ಗೆ ಜೋಡಿಸಿ, ತುದಿಯನ್ನ ಕೈಯಲ್ಲಿ ಸ್ಪೌಟಿನ ಎತ್ತರಕ್ಕೆ ಹಿಡಿದರು. 5 ಲೀಟರ್ ಬಕೆಟ್ ತುಂಬೋಕೆ 1 ನಿಮಿಷ 50 ಸೆಕೆಂಡ್. ನಿಮಿಷಕ್ಕೆ 2.7 ಲೀಟರ್. ಸ್ಪ್ರೇ ಒತ್ತಿದ್ರೆ ನೀರು ಚೂಪಾಗಿ ಹೊಡೆಯೋ ಬದಲು ಸೋಲುತ್ತಾ ಕೆಳಗೆ ಜೋತು ಬಿತ್ತು. ಸಾದಾ ಫಿಕ್ಸೆಡ್ ನಲ್ಲಿ ಜೋಡಿಸಿದಾಗ ಅದೇ ಬಕೆಟ್ 52 ಸೆಕೆಂಡಿಗೆ ತುಂಬ್ತು.

ಪ್ಲಂಬರ್ ಅಣ್ಣ ಇನ್ನೆರಡು ವಿಷಯ ತೋರಿಸಿದ್ರು, ಎರಡೂ ನಮಗೆ ಹೊಳೆದಿರಲಿಲ್ಲ. ಒಂದು, ಡಬಲ್ ಸಿಂಕ್‌ಗೆ ಕೆಳಗೆ ಎರಡು ವೇಸ್ಟ್ ಪೈಪು ಇರುತ್ತೆ, ಅವನ್ನ ಸೇರಿಸೋ ಅಡ್ಡ ಪೈಪು ಬೇರೆ. ಹೋಸ್‌ನ ಭಾರ ಅದಕ್ಕೆ ಸಿಕ್ಕಿಹಾಕ್ಕೊಂಡ್ರೆ ತುದಿ ಪೂರ್ತಿ ವಾಪಸ್ ಹೋಗಲ್ಲ, ಜೋತಾಡ್ತಾ ಇರುತ್ತೆ. ಜನ ಸ್ಪ್ರಿಂಗ್ ಹೋಯ್ತು ಅಂತ ಕಂಪ್ಲೇಂಟ್ ಮಾಡ್ತಾರಂತೆ, ಕೆಳಗೆ ಬಗ್ಗಿ ನೋಡಿದ್ರೆ ಭಾರ ಪೈಪಿನ ಮೇಲೆ ಕೂತಿರುತ್ತೆ.

ಎರಡನೇದು ಸ್ವಲ್ಪ ಭಯದ ವಿಷಯ. ತುದಿಯನ್ನ ಸೋಪಿನ ನೀರಲ್ಲಿ ಮುಳುಗಿಸಿ ನಲ್ಲಿ ತೆರೆದೇ ಬಿಟ್ಟಿದ್ದೀರಿ, ಟ್ಯಾಂಕ್ ಖಾಲಿ ಆಗಿದೆ, ಕೆಳಗಿನ ಮನೆಯಲ್ಲಿ ಯಾರೋ ನಲ್ಲಿ ತೆರೀತಾರೆ. ಪೈಪಿನ ನೀರು ಕೆಳಗಿಳಿಯುವಾಗ ಸಿಂಕಿನ ಕೊಳಕು ನೀರನ್ನೂ ಎಳ್ಕೊಂಡು ಹೋಗಬಹುದು. ಅದನ್ನ ತಡೆಯೋದು ಆ ಸಣ್ಣ ನಾನ್-ರಿಟರ್ನ್ ವಾಲ್ವ್ ಒಂದೇ, ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ್ರೆ ಅದು ಸರಿಯಾಗಿ ಮುಚ್ಚಲ್ಲ. ಫಿಕ್ಸೆಡ್ ಸ್ಪೌಟ್‌ಗೆ ಈ ಚಿಂತೆ ಇಲ್ಲ. ಸಿಂಕ್ ತುಂಬಿ ಹರಿದರೂ ನೀರು ಅದರ ತುದಿಯನ್ನ ಮುಟ್ಟಲ್ಲ, ನಡುವೆ 200 ಮಿ.ಮೀ. ಗಾಳಿ ಇದೆ.

ಅದೇ ಮನೆಯ ಕೆಳಗಿನ ಮಹಡಿಗೆ ಆಗಿದ್ರೆ ಇನ್ನೂ 3 ಮೀಟರ್ ಸೇರಿ 0.7 ಬಾರ್, ನಿಮಿಷಕ್ಕೆ 3.9 ಲೀಟರ್. ಅಲ್ಲಿ ಪುಲ್-ಡೌನ್ ತಗೊಂಡ್ರೆ ಹೇಗೋ ನಡೆಯುತ್ತೆ. ಅಪಾರ್ಟ್‌ಮೆಂಟ್‌ನಲ್ಲಿ ಪ್ರೆಶರ್ ಪಂಪ್ ಇದ್ದರೆ ನಾವು ಯೋಚನೆ ಮಾಡದೆ ಪುಲ್-ಡೌನ್ ಅಂತೀವಿ, ಆಳದ ಸಿಂಕ್‌ಗೆ ಅದೇ ಒಳ್ಳೇದು.

ಆಂಟಿ ತಿರುಗುವ ಫಿಕ್ಸೆಡ್ ಸ್ಪೌಟ್ ತಗೊಂಡ್ರು, ಚಾಚು 230, ತುದಿಯ ಎತ್ತರ 210. ಭಾನುವಾರ ಬೆಳಿಗ್ಗೆ ತೂತು ಬಿತ್ತು. ಸ್ಕೇಲು ಇಟ್ಟು ನೋಡಿದ್ವಿ, ಧಾರೆ ಎರಡೂ ಗೋಡೆಯಿಂದ ಹನ್ನೊಂದು ಸೆಂಟಿಮೀಟರ್ ಚಿಲ್ಲರೆ. ಬೌಲಿನ ದೂರದ ಮೂಲೆ ತೊಳೆಯೋದು ಹೇಗೆ ಆಂಟಿ ಅಂತ ಕೇಳಿದ್ವಿ. "ಚೊಂಬು ಯಾಕಿದೆ ಮತ್ತೆ?" ಅಂದ್ರು.