ಪಟ್ಟಿಯಲ್ಲಿ ಧ್ವನಿಯ ವಿಳಾಸ

ಮಗೂ, ಭಾಷಾವಿಜ್ಞಾನದ ತರಗತಿಗೆ ಸೇರಿದ ಮೊದಲ ವಾರವೇ ಐಪಿಎ ಪಟ್ಟಿ ಕೈಗೆ ಕೊಟ್ಟರು, ನೋಡಿ ತಲೆ ತಿರುಗಿತು ಅಂದೆಯಲ್ಲ. ಒಂದೇ ಮಾತು ಹೇಳುತ್ತೇನೆ, ಕೇಳು. ಆ ಗುರುತುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಲು ಹೋಗಬೇಡ. ಪ್ರತಿ ಗುರುತಿಗೂ ಪಟ್ಟಿಯಲ್ಲಿ ಒಂದು ವಿಳಾಸವಿದೆ. ಅದನ್ನು ಓದಲು ಬಂದರೆ, ಗುರುತಿನ ಧ್ವನಿ ತಾನಾಗಿಯೇ ಬಾಯಿಗೆ ಬರುತ್ತದೆ.

ಐಪಿಎ ಎಂಬ ಈ ಅಂತರರಾಷ್ಟ್ರೀಯ ಧ್ವನಿಲಿಪಿಯನ್ನು ರೂಪಿಸಿದವರು ಭಾಷೆ ಕಲಿಸುವ ಮೇಷ್ಟ್ರುಗಳು. 1886ರಲ್ಲಿ ಪ್ಯಾರಿಸ್‌ನಲ್ಲಿ ಪಾಲ್ ಪಾಸಿ ಮತ್ತು ಸಂಗಡಿಗರು ಸಂಘ ಕಟ್ಟಿದರು. ಎರಡು ವರ್ಷದಲ್ಲಿ ಲಿಪಿಯ ಮೊದಲ ರೂಪ ಹೊರಬಂತು. ಇಂಗ್ಲಿಷಿನಂಥ ಭಾಷೆಯಲ್ಲಿ ಬರೆಯುವುದೊಂದು, ಓದುವುದೊಂದು. ಆದ್ದರಿಂದ ಅರ್ಥಭೇದ ಮಾಡುವ ಒಂದೊಂದು ಧ್ವನಿಗೂ ಒಂದೊಂದು ಗುರುತು ಇರಲಿ ಎಂಬುದು ಅವರ ಲೆಕ್ಕಾಚಾರ.

ಈಗ ಪಟ್ಟಿಯ ವ್ಯಂಜನಗಳ ಕೋಷ್ಟಕ ತೆಗೆ. ಅಡ್ಡಕ್ಕೆ ನೋಡಿದರೆ ಎಡತುದಿಯಲ್ಲಿ ತುಟಿ, ಬಲತುದಿಯಲ್ಲಿ ಗಂಟಲು. ನಡುವೆ ಹಲ್ಲು, ಹಲ್ಲಿನ ಹಿಂದಿನ ದಿಂಡು, ಅಂಗುಳ ಎಲ್ಲವೂ ಸಾಲಾಗಿ ಬರುತ್ತವೆ. ಧ್ವನಿ ಬಾಯಲ್ಲಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಮೇಲಿನಿಂದ ಕೆಳಕ್ಕೆ ಬಂದರೆ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಾಗುತ್ತದೆ. ಮೊದಲ ಸಾಲಿನಲ್ಲಿ ಗಾಳಿಯನ್ನು ಪೂರ್ತಿ ತಡೆದು ಬಿಡುವ ಸ್ಪರ್ಶಗಳು, ಅದರ ಕೆಳಗೆ ಅನುನಾಸಿಕಗಳು, ಇನ್ನೂ ಕೆಳಗೆ ಗಾಳಿ ಉಜ್ಜಿಕೊಂಡು ಹೋಗುವ ಘರ್ಷಗಳು. ಒಂದೇ ಮನೆಯಲ್ಲಿ ಎರಡು ಗುರುತುಗಳಿದ್ದರೆ ಎಡಗಡೆಯದು ಅಘೋಷ, ಬಲಗಡೆಯದು ಘೋಷ. ಗಂಟಲ ಮೇಲೆ ಬೆರಳಿಟ್ಟು [f], [v] ಎರಡನ್ನೂ ಉದ್ದಕ್ಕೆ ಎಳೆದು ನೋಡು. ತುಟಿ ಹಲ್ಲು ಕದಲುವುದಿಲ್ಲ. ಎರಡನೆಯದರಲ್ಲಿ ಮಾತ್ರ ಬೆರಳಿಗೆ ಅದುರು ತಾಗುತ್ತದೆ.

ಇಷ್ಟು ಕೇಳಿದ ಮೇಲೆ ನಿನಗೆ ವರ್ಣಮಾಲೆ ನೆನಪಾಗಿರಬೇಕು. ಕ, ಚ, ಟ, ತ, ಪ ಎಂದು ನಾವು ಒಳಗಿನಿಂದ ತುಟಿಯ ಕಡೆಗೆ ಬರುತ್ತೇವೆ. ಈ ಪಟ್ಟಿ ತುಟಿಯಿಂದ ಒಳಕ್ಕೆ ಹೋಗುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಓದಿದರೆ ಅರ್ಧ ಪಟ್ಟಿ ನಿನಗೆ ಆಗಲೇ ಗೊತ್ತು. ಕೂಡಲೇ ಹೊಂದದ್ದು ಎರಡು. ಚ, ಜ ಎರಡೆರಡು ಗುರುತು ಜೋಡಿಸಿ [tʃ], [dʒ] ಆಗುವುದರಿಂದ ಕೋಷ್ಟಕದ ಒಳಗೆ ಸಿಗುವುದಿಲ್ಲ. ಮಹಾಪ್ರಾಣಕ್ಕೂ ಬೇರೆ ಮನೆಯಿಲ್ಲ. [k]ಯ ಬಲಕ್ಕೆ, ತುಸು ಮೇಲೆ ಒಂದು ಚಿಕ್ಕ h ಇಟ್ಟರೆ [kʰ], ಅಂದರೆ ಖ.

ಶುರು ಮಾಡುವುದಾದರೆ ಅನುನಾಸಿಕಗಳ ಸಾಲಿನಿಂದಲೇ ಮಾಡು. ಅಂಕ, ಪಂಚ, ಗಂಟೆ, ಕಂತು, ಕಂಬ ಎಂಬ ಐದು ಪದಗಳನ್ನು ನಿಧಾನವಾಗಿ ಹೇಳಿ, ಸೊನ್ನೆ ಬಂದಲ್ಲಿ ತಡೆದು ನಿಲ್ಲು. ಬರೆಯುವಾಗ ಐದರಲ್ಲೂ ಅದೇ ಸೊನ್ನೆ. ಬಾಯಲ್ಲಿ ಮಾತ್ರ ಒಂದೊಂದಕ್ಕೆ ಒಂದೊಂದು ಜಾಗ. ಕಂಬದಲ್ಲಿ ತುಟಿ ಮುಚ್ಚುತ್ತದೆ, ಕಂತಿನಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ, ಗಂಟೆಯಲ್ಲಿ ತುದಿ ಮೇಲಕ್ಕೆ ಮಡಚುತ್ತದೆ, ಪಂಚದಲ್ಲಿ ನಾಲಿಗೆಯ ನಡುಭಾಗ ಅಂಗುಳಕ್ಕೆ ಒತ್ತುತ್ತದೆ, ಅಂಕದಲ್ಲಿ ಹಿಂಭಾಗ ಏಳುತ್ತದೆ. ಇದನ್ನೇ ಐಪಿಎಯಲ್ಲಿ ಬರೆದರೆ [kamba], [kan̪t̪u], [ɡaɳʈe], [paɲtʃa], [aŋka] ಎಂದಾಗುತ್ತದೆ. ಈಗ ಆ ಗುರುತುಗಳನ್ನೇ ನೋಡು. [ɳ]ಗೆ ಬಲಕ್ಕೆ ಬಾಗಿದ ಬಾಲವಿದೆ. [ʈ], [ɖ], [ɭ]ಗೂ ಅದೇ ಬಾಲ. ಟ, ಡ, ಣ, ಳ ನಾಲ್ಕೂ ಮೂರ್ಧನ್ಯಗಳು. ಬಾಲ ಕಂಡರೆ ನಾಲಿಗೆ ಮಡಚು. [t̪] ಕೆಳಗಿನ ಪುಟ್ಟ ಗುರುತು ಹಲ್ಲಿನದು, ಅದು ನಮ್ಮ ತ. ಬರೀ [t] ಅಂದರೆ ಇಂಗ್ಲಿಷಿನವರು ಹಲ್ಲಿನ ಹಿಂದಿನ ದಿಂಡಿಗೆ ನಾಲಿಗೆ ತಾಗಿಸಿ ಆಡುವ ಧ್ವನಿ. ಅದು ತ ಅಲ್ಲ, ಟ ಕೂಡ ಅಲ್ಲ.

ಇನ್ನು ನಿಘಂಟಿನ ಒಂದು ಪದ ಬಿಡಿಸೋಣ. ವಿಲೇಜ್ ಎಂಬ ಪದದ ಪಕ್ಕದಲ್ಲಿ /ˈvɪlɪdʒ/ ಎಂದಿರುತ್ತದೆ. ಮೊದಲಿನ ಚಿಕ್ಕ ನಿಲುಗೆರೆ ಒತ್ತಿನದು. ಅದು ಯಾವ ಉಚ್ಚಾರಾಂಶದ ಮುಂದೆ ನಿಂತಿದೆಯೋ ಅದನ್ನು ಒತ್ತಿ ಹೇಳಬೇಕು. ಮುಂದಿನದು [v]. ಇದನ್ನು ನಮ್ಮ ವ ಎಂದು ಓದಿಬಿಡುವುದೇ ನಮ್ಮವರ ಅಭ್ಯಾಸ. ವಿಳಾಸ ಹುಡುಕು: ತುಟಿ-ಹಲ್ಲಿನ ಕಂಬ, ಘರ್ಷದ ಸಾಲು, ಬಲಗಡೆ. ಅಂದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಉಜ್ಜಬೇಕು. ನಮ್ಮ ವ ಅದೇ ಕಂಬದಲ್ಲಿ ಇನ್ನೂ ಕೆಳಗಿನ ಸಾಲಿನಲ್ಲಿದೆ. ಅದರ ಗುರುತು [ʋ]. ಅಲ್ಲಿ ತುಟಿ ಹಲ್ಲಿನ ಹತ್ತಿರ ಬರುತ್ತದೆ, ಗಾಳಿ ಉಜ್ಜುವುದಿಲ್ಲ. ಇಂಗ್ಲಿಷಿನ [w] ಆ ಕಂಬದಲ್ಲೇ ಇಲ್ಲ. ಅದಕ್ಕೆ ತುಟಿಯೂ ದುಂಡಗಾಗಬೇಕು, ನಾಲಿಗೆಯ ಹಿಂಭಾಗವೂ ಏಳಬೇಕು. ಎರಡು ಜಾಗದ ಧ್ವನಿಯಾದ್ದರಿಂದ ಕೋಷ್ಟಕದ ಹೊರಗೆ, ಇತರ ಗುರುತುಗಳ ಗುಂಪಿನಲ್ಲಿದೆ. ಬಳ್ಳಿ ಎಂಬರ್ಥದ ವೈನ್ /vaɪn/, ಕುಡಿಯುವ ವೈನ್ /waɪn/. ನಾವು ಎರಡನ್ನೂ [ʋ] ಹಚ್ಚಿ ಹೇಳುವುದರಿಂದ ಅವು ಒಂದೇ ಆಗಿಬಿಡುತ್ತವೆ. ಕನ್ನಡಿ ಮುಂದೆ ನಿಂತು ಹೇಳು: ಮೊದಲನೆಯದರಲ್ಲಿ ಹಲ್ಲು ಕಾಣಬೇಕು, ಎರಡನೆಯದರಲ್ಲಿ ಕಾಣಬಾರದು.

ಪರಿಚಿತ ಇಂಗ್ಲಿಷ್ ಅಕ್ಷರ ಕಂಡಲ್ಲೇ ಹೆಚ್ಚು ಎಚ್ಚರ ಬೇಕು. [ŋ] ಹೊಸಬ; ಕಂಡೊಡನೆ ಹುಡುಕುತ್ತೀಯ. [j] ಕಂಡರೆ ಹುಡುಕದೆ ಜ ಎಂದುಬಿಡುತ್ತೀಯ, ಆದರೆ ಅದು ಯ. [y] ವ್ಯಂಜನವೇ ಅಲ್ಲ, ತುಟಿ ದುಂಡಗೆ ಮಾಡಿ ಇ ಹೇಳಿದರೆ ಬರುವ ಸ್ವರ, ಫ್ರೆಂಚ್, ಜರ್ಮನ್‌ಗಳಲ್ಲಿದೆ. ನಿನ್ನ ಓದು ಒಂದು ಪದದ ನಿಜವಾದ ಉಚ್ಚಾರಕ್ಕೆ ಹೊಂದದಿದ್ದರೆ ಮೊದಲು ಇಂಥ ಗುರುತುಗಳನ್ನೇ ಅನುಮಾನಿಸು.

ಓರೆಗೆರೆ, ಚೌಕ ಆವರಣಗಳ ವ್ಯತ್ಯಾಸವನ್ನೂ ತಿಳಿದಿರು. ಓರೆಗೆರೆಗಳ ನಡುವೆ ಇರುವುದು ಆ ಭಾಷೆಗೆ ಬೇಕಾದಷ್ಟು ಭೇದ ಮಾತ್ರ. ಚೌಕದ ಒಳಗಿನದು ಬಾಯಲ್ಲಿ ನಿಜಕ್ಕೂ ಆಗುವುದು. ನಿಘಂಟು ರೆಡ್ ಎಂಬುದನ್ನು /red/ ಎಂದು ಬರೆಯುತ್ತದೆ. ಪಟ್ಟಿಯಲ್ಲಿ [r] ನಾಲಿಗೆ ಅದುರುವ ರಕಾರ. ಇಂಗ್ಲಿಷಿನವರು ಸಾಮಾನ್ಯವಾಗಿ ಆಡುವುದು ಅದುರದ [ɹ]. ಅಚ್ಚಿನ ಅನುಕೂಲಕ್ಕೆ ನಿಘಂಟು ಸರಳ ಗುರುತು ಬಳಸಿದೆ. ಅದಕ್ಕೇ ನಿಘಂಟಿನ ಮೊದಲ ಪುಟಗಳಲ್ಲಿರುವ ಉಚ್ಚಾರದ ಕೀಲಿಯನ್ನು ಪಟ್ಟಿಯ ಪಕ್ಕದಲ್ಲೇ ಇಟ್ಟುಕೋ.

ಸಂಘದ ಜಾಲತಾಣದಲ್ಲಿ ಪಟ್ಟಿ ಉಚಿತವಾಗಿ ಸಿಗುತ್ತದೆ; ಒಂದು ಹಾಳೆಯಲ್ಲಿ ಮುದ್ರಿಸಿಕೋ. ಮೊದಲು ಕನ್ನಡದ ವ್ಯಂಜನಗಳಿಗೆ ಮಾತ್ರ ಪೆನ್ಸಿಲಿನಲ್ಲಿ ಸುತ್ತು ಹಾಕು. ಆಮೇಲೆ ನೀನು ಆಡುವ ಪದಗಳನ್ನೇ ಬರೆ. ಅನ್ನ /anːa/, ಅಣ್ಣ /aɳːa/ ಹೀಗೆ ಒಂದೇ ಧ್ವನಿಯಲ್ಲಿ ಬೇರೆಯಾಗುವ ಜೋಡಿಗಳಾದರೆ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಆ ಎರಡು ಚುಕ್ಕೆ ದೀರ್ಘದ ಗುರುತು. ಸ್ವರಗಳ ಚಿತ್ರಕ್ಕೆ ಆಮೇಲೆ ಹೋಗು; ಅಲ್ಲಿ ನಾಲಿಗೆ ಯಾವುದಕ್ಕೂ ತಾಗುವುದಿಲ್ಲ, ಹಾಗಾಗಿ ಜಾಗ ಗುರುತಿಸಲು ಕಿವಿ ಪಳಗಬೇಕು.

ಕೊನೆಗೆ ಒಂದು ಪರೀಕ್ಷೆ. [ɸ] ಎಂಬುದನ್ನು ನೀನು ಕೇಳಿಲ್ಲ ಎಂದಿಟ್ಟುಕೋ. ಎರಡು ತುಟಿಗಳ ಕಂಬ, ಘರ್ಷದ ಸಾಲು, ಎಡಗಡೆ. ತುಟಿಗಳನ್ನು ಹತ್ತಿರ ತಂದು, ಹಲ್ಲು ತಾಗಿಸದೆ, ಗಂಟಲು ಅದುರಿಸದೆ ಗಾಳಿ ಬಿಡು. ಬಂತಲ್ಲ, ಜಪಾನಿನವರು ಫ್ಯೂಜಿ ಬೆಟ್ಟದ ಹೆಸರು ಹೇಳುವಾಗ ಮೊದಲು ಬರುವ ಧ್ವನಿ ಅದೇ.