ಸಯನ್‌ನ ಸೊಸೆಗೊಂದು ಕ್ರಿಯಾಪದ ಪಟ್ಟಿ

ಸಯನ್ ಪೂರ್ವದಲ್ಲಿ ನಾವಿರುವ ಕಟ್ಟಡದಲ್ಲಿ ಧಾರವಾಡ ಕಡೆಯ ಒಂದು ಮನೆಯಿದೆ. ಆ ಮನೆಗೆ ಬಂದ ಸೊಸೆ ಮರಾಠಿಯವಳು. ಅತ್ತೆಯ ಜೊತೆ ಕನ್ನಡದಲ್ಲೇ ಮಾತಾಡಬೇಕೆಂಬ ಹಟ ಆಕೆಯದು. ಶಾಲೆಯಲ್ಲಿ ಸಂಸ್ಕೃತ ಓದಿದವಳಾದ್ದರಿಂದ ಭಾಷೆ ಎಂದರೆ ಮೊದಲು ಧಾತುರೂಪ, ಆಮೇಲೆ ಮಾತು ಎಂಬ ಲೆಕ್ಕಾಚಾರವೂ ಇತ್ತು. "ಕಾಕಾ, ಗಚ್ಛತಿ ಗಚ್ಛತಃ ಗಚ್ಛಂತಿ ಅಂತ ಬರೀತೀವಲ್ಲ, ಹಾಗೇ ಕನ್ನಡದ್ದೂ ಒಂದು ಪಟ್ಟಿ ಮಾಡಿಕೊಡಿ" ಎಂದು ಗೆರೆ ಎಳೆದ ವಹಿ ಹಿಡಿದುಕೊಂಡೇ ಬಂದಳು.

ಸಂಸ್ಕೃತದ ಪಟ್ಟಿಯಲ್ಲಿ ಒಂದು ಕಾಲಕ್ಕೆ ಒಂಬತ್ತು ಮನೆ. ಕನ್ನಡಕ್ಕೂ ಒಂಬತ್ತೇ, ಆದರೆ ಲೆಕ್ಕ ಬೇರೆ. ದ್ವಿವಚನ ಹೋಗಿ, ಪ್ರಥಮ ಪುರುಷ ಐದಾಗಿ ಒಡೆಯುತ್ತದೆ: ಅವನು, ಅವಳು, ಅವರು, ಅದು, ಅವು. ಇವಕ್ಕೆ ನಾನು, ನಾವು, ನೀನು, ನೀವು ಸೇರಬೇಕು. ಸಾಲುಗಳನ್ನು ಬರೆದ ಕೂಡಲೇ ಆಕೆ ಕೇಳಿದ್ದು, "ನಾನು ಹೆಂಗಸು, ನನ್ನ ಸಾಲು ಯಾವುದು?" ಎಂದು. ಮರಾಠಿಯಲ್ಲಿ ಗಂಡಸು 'ಮೀ ಜಾತೊ' ಎಂದರೆ ಹೆಂಗಸು 'ಮೀ ಜಾತೇ' ಎನ್ನುತ್ತಾಳೆ. ಕನ್ನಡದ 'ಹೋಗುತ್ತೇನೆ'ಗೆ ಆ ಭೇದ ಗೊತ್ತಿಲ್ಲ. ಅವನು, ಅವಳು ಎಂಬಲ್ಲಿ ಕಾಣುವ ಭೇದವೂ 'ಅವರು' ಎಂದೊಡನೆ ಅಳಿಸಿಹೋಗುತ್ತದೆ.

ನಿಜವಾದ ತೊಡಕು 'ಅದು' ಎಂಬ ಸಾಲಿನಲ್ಲಿ. ಮರಾಠಿಯಲ್ಲಿ ಪಂಖಾ ಪುಲ್ಲಿಂಗ, ಖುರ್ಚಿ ಸ್ತ್ರೀಲಿಂಗ. ಹಾಗಾಗಿ ವಿದ್ಯುತ್ ಹೋದಾಗ "ಪಂಖಾ ನಿಂತ" ಎಂದು ಆಕೆ ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಅತ್ತೆ ನಕ್ಕು "ನಿಂತಿತು" ಎಂದರು. ಇನ್ನೊಂದು ಗೊಂದಲ ಭೂತಕಾಲದ್ದು. 'ಮೀ ಚಹಾ ಕೇಲಾ', 'ಮೀ ಭಾಜಿ ಕೇಲಿ' ಎನ್ನುವಾಗ ಕ್ರಿಯಾಪದ ಮಾಡಿದವರನ್ನು ಬಿಟ್ಟು ಮಾಡಿದ ವಸ್ತುವಿನ ಹಿಂದೆ ಹೋಗುತ್ತದೆ. ಕನ್ನಡದಲ್ಲಿ ಚಹಾ ಮಾಡಿದರೂ ಪಲ್ಯ ಮಾಡಿದರೂ ನಾನು 'ಮಾಡಿದೆ', ಅಷ್ಟೇ. ಇದು ಸುಲಭವೇ. ಆದರೆ ಇಲ್ಲದ ಕಷ್ಟವನ್ನು ಹುಡುಕುವ ಅಭ್ಯಾಸವಿರುವವರಿಗೆ ಸುಲಭವೆಂದು ನಂಬಿಸುವುದೇ ಒಂದು ಕೆಲಸ.

ಪಟ್ಟಿ ತುಂಬುವಾಗ ಎಲ್ಲರೂ ವರ್ತಮಾನದಿಂದ ಶುರು ಮಾಡುತ್ತಾರೆ. ಬರುತ್ತೇನೆ, ಬರುತ್ತೇವೆ, ಬರುತ್ತೀಯ, ಬರುತ್ತೀರಿ, ಬರುತ್ತಾನೆ, ಬರುತ್ತಾಳೆ, ಬರುತ್ತಾರೆ, ಬರುತ್ತದೆ, ಬರುತ್ತವೆ. ಧಾತು ಬದಲಾದರೂ ಬಾಲ ಬದಲಾಗದು. ಒಂದು ಧಾತು ಕಲಿತರೆ ಉಳಿದವುಗಳೂ ಹೆಚ್ಚುಕಡಿಮೆ ಬಂದಂತೆ. ಆದ್ದರಿಂದಲೇ ಈ ಕಾಲಂ ತುಂಬಿ ಕಲಿಯುವುದೇನೂ ಉಳಿಯುವುದಿಲ್ಲ. ಪೆನ್ನು ಮೊದಲು ಹೋಗಬೇಕಾದದ್ದು ಭೂತಕಾಲಕ್ಕೆ.

'ಬರು' ತೆಗೆದುಕೊಳ್ಳೋಣ. 'ಬರಿದ' ಆಗದೆ ಅದು 'ಬಂದ' ಆಗುತ್ತದೆ. ಅಲ್ಲಿಂದ ಮುಂದೆ ಬಂದೆ, ಬಂದೆವು, ಬಂದಿರಿ, ಬಂದಳು, ಬಂದರು, ಬಂದವು ಎಂದು ಎಂಟು ಸಾಲು ಸರಾಗ. ಒಂಬತ್ತನೆಯದು ಮಾತ್ರ 'ಬಂತು'. ಈ 'ಅದು' ಸಾಲು ಹಲವು ಧಾತುಗಳಲ್ಲಿ ಹೀಗೇ ಜಾರುತ್ತದೆ: ಹೋಯಿತು, ಆಯಿತು, ಬಿತ್ತು, ಇತ್ತು. ಪಕ್ಕದಲ್ಲೇ ಕೊಟ್ಟಿತು, ಮಾಡಿತು ಎಂಬ ಸಭ್ಯ ರೂಪಗಳೂ ಇವೆ. ಹಾಗಾಗಿ ಪ್ರತಿ ಧಾತುವಿಗೂ ಎರಡೇ ಪ್ರಶ್ನೆ ಕೇಳಿ ಬರೆದುಕೊಳ್ಳುವ ಪದ್ಧತಿ ಮಾಡಿದೆವು: ಅವನು ಏನು ಮಾಡಿದ, ಅದು ಏನು ಮಾಡಿತು? ಬಂದ, ಬಂತು. ಹೋದ, ಹೋಯಿತು. ಬಿದ್ದ, ಬಿತ್ತು. ನಿಂತ, ನಿಂತಿತು. ಉಳಿದ ಏಳು ರೂಪಗಳನ್ನು ಆಕೆಯೇ ಕಟ್ಟಿಕೊಳ್ಳುತ್ತಿದ್ದಳು.

ಕೆಲವು ಕಡೆ ಬಾಯಿಪಾಠವೂ ಬೇಡ. 'ಮಾಡಿದೆ' ಕಲಿತವಳು 'ಕೊಡಿದೆ' ಎಂದು ಬರೆದಳು. ಡು-ಕಾರದಲ್ಲಿ ಮುಗಿಯುವ ಎರಡಕ್ಷರದ ಧಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಗುಡ್ಡೆ ಹಾಕಿದಾಗ ದಾರಿ ಕಂಡಿತು. ಮೊದಲ ಅಕ್ಷರ ದೀರ್ಘವಿದ್ದರೆ 'ಇದ': ಮಾಡಿದ, ಆಡಿದ, ಓಡಿದ, ಹಾಡಿದ, ನೋಡಿದ, ಬೇಡಿದ. ಹ್ರಸ್ವವಿದ್ದರೆ 'ಟ್ಟ': ಕೊಟ್ಟ, ಇಟ್ಟ, ಬಿಟ್ಟ, ಸುಟ್ಟ, ಉಟ್ಟ, ನೆಟ್ಟ, ತೊಟ್ಟ. ಕನ್ನಡ ಮನೆಮಾತಿನವರಿಗೆ ಈ ಸೂತ್ರ ಹೊಳೆಯುವುದೇ ಇಲ್ಲ, ಏಕೆಂದರೆ ಬೇಕಾಗುವುದೇ ಇಲ್ಲ. ಆದರೆ ಎಲ್ಲಕ್ಕೂ ಹೀಗೆ ಸೂತ್ರ ಸಿಗುತ್ತದೆಂದಲ್ಲ. ಕುಡಿ ಎಂಬುದು ಕುಡಿದ ಆದರೆ ಕಲಿ ಎಂಬುದು ಕಲಿತ; ಕರೆ ಎಂಬುದು ಕರೆದ, ಮರೆ ಎಂಬುದು ಮರೆತ. ಅವನ್ನು ಕಲಿತೇ ಆಗಬೇಕು.

ಭೂತರೂಪಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಬಂದರೆ, ಬಂದಾಗ, ಬಂದವರು, ಬಂದಿದ್ದೇನೆ, ಎಲ್ಲದರ ಬುಡ ಅದೇ. ವ್ಯಾಕರಣ ಸಂಭಾವನಾರೂಪ ಎಂದು ಕರೆಯುವ ಬಂದಾನು, ಬಂದೀತು ಕೂಡ ಅಲ್ಲಿಂದಲೇ ಬರುತ್ತವೆ. ಅದು ಪುಸ್ತಕದ ರೂಪವೆಂದು ಬಿಡುವ ಹಾಗಿಲ್ಲ; ಸ್ಟೂಲ್ ಹತ್ತಿದ ಮೊಮ್ಮಗನಿಗೆ ಅಜ್ಜಿ "ಬಿದ್ದೀಯೋ, ಜ್ವಾಕಿ!" ಎಂದಾಗ ಬಳಸಿದ್ದು ಅದನ್ನೇ. ಭವಿಷ್ಯದ ಕಾಲಂ ಕಥೆ ತಿರುವುಮುರುವು. ಬರುವೆನು, ಬರುವಳು, ಬರುವುದು ಎಂದು ಪಟ್ಟಿಯಲ್ಲಿ ಚೆಂದವಾಗಿ ಕೂರುತ್ತವೆ, ಆದರೆ "ನಾಳೆ ಬರುವೆನು" ಎಂದು ಅತ್ತೆಗೆ ಹೇಳಿದರೆ ನಾಟಕದ ಮಾತಾಗುತ್ತದೆ. ಆಡುಮಾತಿಗೆ ವರ್ತಮಾನವೇ ಭವಿಷ್ಯ. ಆ ಕಾಲಮ್ಮನ್ನು ಓದಿಗಷ್ಟೇ ಎಂದು ಪೆನ್ಸಿಲ್‌ನಲ್ಲಿ ತುಂಬಿದೆವು.

ಒಂದು ಕಟ್ಟುನಿಟ್ಟು ಮಾತ್ರ ಮೊದಲಿನಿಂದ ಇಟ್ಟುಕೊಂಡಿದ್ದೆವು: ಸರ್ವನಾಮ ಬರೆಯದೆ ಯಾವ ಮನೆಯನ್ನೂ ತುಂಬಬಾರದು. ನಾನು ಮಾಡಿದೆ, ನೀನು ಮಾಡಿದೆ, ಸರ್ಕಾರ ಆದೇಶ ಮಾಡಿದೆ. ಮೂರರಲ್ಲೂ ಅಕ್ಷರ ಅವೇ. ಮೂರನೆಯದು 'ಮಾಡಿ ಇದೆ' ಎಂಬುದರ ಕೂಡುರೂಪ, ಪತ್ರಿಕೆಯ ತಲೆಬರಹಗಳಲ್ಲಿ ದಿನವೂ ಸಿಗುತ್ತದೆ.

ಮುಂಬಯಿಯಲ್ಲಿ ಪಟ್ಟಿ ಮಾಡುವವರಿಗೆ ಇನ್ನೂ ಒಂದು ಪೇಚಿದೆ. ವಹಿಯ 'ಬರುತ್ತೇನೆ' ಉಡುಪಿ ಕಡೆಯ ನೆರೆಯವರ ಬಾಯಲ್ಲಿ 'ಬರ್ತೇನೆ', ಮೈಸೂರಿನವರಲ್ಲಿ 'ಬರ್ತೀನಿ', ಅತ್ತೆಯಲ್ಲಿ 'ಬರ್ತೇನಿ'. ವಹಿಯಲ್ಲಿ 'ಬಂದಿದ್ದಾಳೆ' ಎಂದಿದ್ದರೆ ಅತ್ತೆ 'ಬಂದಾಳ' ಎನ್ನುತ್ತಾರೆ. ಪಟ್ಟಿ ನೋಡಿ ಕಲಿತವಳು ಇದೇನು ಹೊಸ ಕಾಲವೋ ಎಂದು ಬೆರಗಾದಳು. 1903ರಲ್ಲಿ ಪ್ರಕಟವಾದ ಕಿಟ್ಟೆಲ್ ವ್ಯಾಕರಣ ಹಳೆಯ, ನಡುಗಾಲದ, ಹೊಸ ಕನ್ನಡಗಳ ರೂಪಗಳನ್ನು ಒಟ್ಟಿಗೆ ಇಟ್ಟು ವಿವರಿಸುತ್ತದೆ. ಆ ಧೈರ್ಯದ ಮೇಲೆ ನಾವೂ ಬರಹದ ರೂಪದ ಪಕ್ಕ 'ಅತ್ತೆ ಹೇಳೋದು' ಎಂದು ಇನ್ನೊಂದು ಕಾಲಂ ಎಳೆದೆವು. ಅದನ್ನು ತುಂಬಿದ್ದು ಅತ್ತೆಯೇ.

ಕೊನೆಗೆ ಉಳಿದದ್ದು ನಿಷೇಧ. ಅದಕ್ಕೂ ಒಂಬತ್ತು ಸಾಲು ಎಳೆದು ಕುಳಿತಿದ್ದಳು. ಬೇಕಿರಲಿಲ್ಲ. ಬರುವುದಿಲ್ಲ, ಬರಲಿಲ್ಲ, ಬಂದಿಲ್ಲ, ಈ ಮೂರು ನಾನು ಎಂದರೂ ಅವರು ಎಂದರೂ ಬದಲಾಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಕನ್ನಡ ಕಲಿಸಲು ಹೊರಟಿದ್ದರೆ ಪಟ್ಟಿಯನ್ನು ಈ ಕಾಲಮ್ಮಿನಿಂದಲೇ ಶುರು ಮಾಡಿ. ಮೊದಲ ದಿನವೇ ಒಂಬತ್ತು ಜನರ ಪರವಾಗಿ ಇಲ್ಲ ಎನ್ನಲು ಬರುತ್ತದೆ.